ಮೂರನೆಯವರಿಗೆ ಮಾತ್ರ

ನಮ್ಮ ಡ್ರೈವಿಂಗ್ ಶಾಲೆಯ ಮೇಷ್ಟ್ರಿಗೆ ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಊರು ಇಟ್ಟ ಹೆಸರು ಕ್ಲಚ್ ಮೇಷ್ಟ್ರು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ‘ಕ್ಲಚ್, ಕ್ಲಚ್, ಕ್ಲಚ್’ ಅಂತ ಜಪ ಮಾಡಿದರೆ ಇನ್ನೇನು ಹೆಸರು ಬಂದೀತು? ಎದುರಿಂದ ಲಾರಿ ನುಗ್ಗಿ ಬಂದರೂ ಅವರ ದನಿ ಏರುವುದಿಲ್ಲ. ಕಲಿಯುವವರು ಕಿರುಚುತ್ತಾರೆ, ಹಿಂದಿನ ಗಾಡಿಯವರು ಹಾರ್ನ್ ಬಾರಿಸುತ್ತಾರೆ, ಇವರು ಮಾತ್ರ ಮಗುವಿಗೆ ಜೋ ಜೋ ಹಾಡಿದ ಹಾಗೆ ‘ಕ್ಲಚ್ ತಾಯಿ, ಕ್ಲಚ್’ ಅನ್ನುತ್ತಾರೆ.

ನಾನು ಅದೇ ಶಾಲೆಯ ಕೌಂಟರಿನಲ್ಲಿ ಕೂರುವವಳು. ಫೀಸು ಕಟ್ಟಿಸಿಕೊಳ್ಳುವುದು, ಲೈಸೆನ್ಸಿನ ಅರ್ಜಿ ತುಂಬುವುದು, ಅಳುವವರಿಗೆ ನೀರು ಕೊಡುವುದು ನನ್ನ ಕೆಲಸ. ಜೊತೆಗೆ ಗಾಡಿ ಇನ್ಶೂರೆನ್ಸಿನ ಏಜೆನ್ಸಿಯೂ ಉಂಟು. ಮೇಷ್ಟ್ರು ನನ್ನನ್ನು ಕೌಂಟರಮ್ಮ ಅನ್ನುತ್ತಾರೆ. ನನ್ನ ನಾಲಿಗೆ ಸ್ವಲ್ಪ ಹರಿತ ಅಂತ ಎಲ್ಲರ ದೂರು. ಈ ಶಾಲೆಯಲ್ಲಿ ಒಬ್ಬರದಾದರೂ ಹರಿತವಾಗಿರಬೇಕಲ್ಲ, ಅದಕ್ಕೇ ಹಾಗೇ ಇಟ್ಟುಕೊಂಡಿದ್ದೇನೆ.

ಶಾಲೆ ಅಂದರೆ ದೊಡ್ಡದೇನಲ್ಲ. ಕ್ಷೌರದಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಒಂದು ಶಟರಿನ ಜಾಗ. ಒಳಗೆ ಎರಡು ಬೆಂಚು, ಗೋಡೆಗೆ ಸಂಚಾರ ಚಿಹ್ನೆಗಳ ಪಟ, ಮೂಲೆಯಲ್ಲಿ ಹೊಟ್ಟೆ ಸೀಳಿ ನಿಲ್ಲಿಸಿದ ಹಳೇ ಗೇರ್ ಬಾಕ್ಸು. ಹೊಸಬರಿಗೆ ಮೊದಲ ದಿನ ಮೇಷ್ಟ್ರು ಅಲ್ಲೇ ನಿಂತು ಪಾಠ ಮಾಡುತ್ತಾರೆ. ಇನ್ಶೂರೆನ್ಸಿನ ಪಾಠವನ್ನಂತೂ ಅವರಷ್ಟು ಚೆನ್ನಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

‘ನೋಡಿ, ಮೊದಲನೆಯವರು ನೀವು. ಎರಡನೆಯವರು ನಿಮ್ಮ ಕೈಯಿಂದ ಕಂತು ಕಟ್ಟಿಸಿಕೊಂಡ ಕಂಪನಿ. ಮೂರನೆಯವರು ಅಂದ್ರೆ ಉಳಿದ ಪ್ರಪಂಚ ಪೂರ್ತಿ. ರಸ್ತೆ ದಾಟೋ ಅಜ್ಜ, ಸೈಕಲ್ಲಿನ ಹುಡುಗಿ, ಮುಂದಿನ ಕಾರು, ಯಾರದೋ ಮನೆ ಕಾಂಪೌಂಡು. ನಿಮ್ಮ ಗಾಡಿಯಿಂದ ಅವರಿಗೆ ಏಟಾದ್ರೆ, ಸಾವಾದ್ರೆ, ಅವರ ಸ್ವತ್ತು ಹಾಳಾದ್ರೆ ಕಂಪನಿ ಕೊಡುತ್ತೆ. ಅದೇ ಥರ್ಡ್ ಪಾರ್ಟಿ. ಅದಿಲ್ಲದೆ ಗಾಡಿ ರಸ್ತೆಗಿಳಿಸೋದು ಅಪರಾಧ. ಆದ್ರೆ ನಿಮ್ಮ ಗಾಡಿ ಜಜ್ಜಿಹೋದ್ರೆ ಅದರಲ್ಲಿ ಒಂದು ಬಲ್ಬಿಗೂ ಕಾಸು ಬರಲ್ಲ. ಅದೂ ಬೇಕು ಅಂದ್ರೆ ಕಾಂಪ್ರಹೆನ್ಸಿವ್, ನೀವೆಲ್ಲ ಫುಲ್ ಇನ್ಶೂರೆನ್ಸ್ ಅಂತೀರಲ್ಲ, ಅದು. ಅದರಲ್ಲಿ ಮೂರನೆಯವರದ್ದೂ ಇರುತ್ತೆ. ನಿಮ್ಮ ಗಾಡಿಗೆ ಗುದ್ದಿದ್ದು, ಬೆಂಕಿ, ಕಳವು, ನೆರೆ ನೀರು, ಇವೂ ಇರ್ತವೆ.’

ಇಷ್ಟು ಹೇಳಿ ಕೊನೆಗೆ ಒಂದು ಮಾತು ಸೇರಿಸುತ್ತಾರೆ. ‘ಥರ್ಡ್ ಪಾರ್ಟಿ ಇರೋದು ಬೇರೆಯವರ ಜೀವಕ್ಕೆ. ಉಳಿದದ್ದು ನಿಮ್ಮ ದಡ್ಡತನಕ್ಕೆ. ನೀವು ಹೊಸಬರು, ಎರಡೂ ಮಾಡಿಸಿ.’

ತಮ್ಮ ಸ್ವಂತ ಗಾಡಿಗೆ ಮಾತ್ರ ಅವರು ಮಾಡಿಸುತ್ತಿದ್ದದ್ದು ಬರೀ ಥರ್ಡ್ ಪಾರ್ಟಿ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಪ್ರತಿ ವರ್ಷ ಪಾಲಿಸಿ ಮುಗಿಯುವ ಹೊತ್ತಿಗೆ ನಮ್ಮಿಬ್ಬರ ಜಗಳ ತಪ್ಪುತ್ತಿರಲಿಲ್ಲ.

‘ಮೇಷ್ಟ್ರೇ, ಈ ವರ್ಷವಾದ್ರೂ ಫುಲ್ ಮಾಡಿಸಿ.’

‘ಯಾಕಮ್ಮ? ನಾನು ಊರಿಗೇ ಡ್ರೈವಿಂಗ್ ಕಲಿಸಿದವನು. ನನ್ನ ಕೈಯಲ್ಲಿ ಗಾಡಿಗೆ ಗೀರು ಬೀಳುತ್ತಾ?’

‘ನೀವು ಗುದ್ದಲ್ಲ ಸರಿ, ಬೇರೆಯವರು ಬಂದು ಗುದ್ದಿದ್ರೆ?’

‘ಅವರ ತಪ್ಪಿದ್ರೆ ಅವರ ಥರ್ಡ್ ಪಾರ್ಟಿಯಿಂದ ನನಗೆ ಬರುತ್ತೆ. ಅವರ ಪಾಲಿಗೆ ನಾನೇ ಮೂರನೆಯವನು. ಇದನ್ನ ನಿನಗೆ ಹೇಳಿಕೊಟ್ಟವನೇ ನಾನು ಕೌಂಟರಮ್ಮ.’

ಲೆಕ್ಕ ಸರಿಯೇ. ಅದರಲ್ಲಿ ಒಂದೇ ಒಂದು ತೂತಿತ್ತು: ತಪ್ಪು ತಮ್ಮದೇ ಆದರೆ ಏನು ಅನ್ನುವುದು. ಅದು ಅವರ ತಲೆಗೆ ಹೊಳೆಯುವಂಥದ್ದೇ ಅಲ್ಲ. ಅಡುಗೆಯವನಿಗೆ ಹಸಿವಾದೀತು ಅಂದರೆ ನಂಬದ ಹಾಗೆ. ನಾನು ಬೈದುಕೊಂಡೇ ಥರ್ಡ್ ಪಾರ್ಟಿ ರಿನ್ಯೂ ಮಾಡಿ ಕೈಗೆ ಕೊಡುತ್ತಿದ್ದೆ.

ಆ ಗಾಡಿ ಅವರಿಗೆ ಏನಾಗಿತ್ತು ಅನ್ನುವುದು ನನಗೆ ಗೊತ್ತಿತ್ತು. ನನ್ನ ಸಿಟ್ಟಿಗೂ ಅದೇ ಕಾರಣ.

ಮೇಷ್ಟ್ರ ಹೆಂಡತಿ ನರ್ಸು. ಮದುವೆಯಾಗಿ ಸ್ವಲ್ಪ ದಿನಕ್ಕೇ ಸಮುದ್ರದಾಚೆಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮನೆಯ ಕಷ್ಟ ತೀರುವ ತನಕ ಅಂತ ಹೋದವರು. ಮನೆಯ ಕಷ್ಟ ಯಾವತ್ತಾದರೂ ತೀರುತ್ತದೆಯೇ? ಒಂದು ತೀರಿದರೆ ಇನ್ನೊಂದು ಸರದಿಯಲ್ಲಿ ನಿಂತಿರುತ್ತದೆ. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಹಾಗೆ ತಿಂಗಳು ತಿಂಗಳು ಕೂಡಿಸಿದರೆ ಅವರಿಬ್ಬರ ಸಂಸಾರ ಇನ್ನೂ ಹಸುಗೂಸು. ಲೋಕದ ಕಣ್ಣಿಗೆ ಮಾತ್ರ ಹಳೇ ದಂಪತಿ.

ಆ ಒಂದು ತಿಂಗಳಾದರೂ ಎಲ್ಲಿ ಕಳೆಯಬೇಕು? ಮೇಷ್ಟ್ರ ಮನೆ ಎರಡು ಕೋಣೆಯದ್ದು. ಒಂದರಲ್ಲಿ ತಮ್ಮ, ತಮ್ಮನ ಹೆಂಡತಿ, ಅವರ ಮಕ್ಕಳು. ಇನ್ನೊಂದರಲ್ಲಿ ಮೇಷ್ಟ್ರು, ಅವರ ತಾಯಿ, ಹೊಲಿಗೆ ಮೆಷಿನ್ನು, ಅಕ್ಕಿ ಡಬ್ಬ. ಸೊಸೆ ರಜೆಗೆ ಬಂದಾಗ ತಾಯಿ ಹೊರಗಿನ ಹಜಾರದಲ್ಲಿ ಮಲಗುತ್ತಿದ್ದರು, ಆದರೆ ಕೆಮ್ಮು ಒಳಗೇ ಇರುತ್ತಿತ್ತು. ಗೋಡೆ ಅಂಥ ತೆಳು. ಗಂಡ ಹೆಂಡತಿ ಪಿಸುಗುಟ್ಟಿದರೆ ಬೆಳಿಗ್ಗೆ ಕಾಫಿಯ ಹೊತ್ತಿಗೆ ತಮ್ಮನ ಹೆಂಡತಿಗೆ ಸುದ್ದಿ ಬಾಯಿಪಾಠ.

ಅದಕ್ಕೇ ಆ ಗಾಡಿ. ಒಂದು ರಜೆಯಲ್ಲಿ ಇಬ್ಬರೂ ಸೇರಿ ಹುಡುಕಿ ಕೊಂಡ ಹಳೇ ಕಾರು. ಬೂದು ಬಣ್ಣ, ನಾಲ್ಕು ಬಾಗಿಲು. ಬಾಗಿಲು ಹಾಕಿ ಗಾಜು ಏರಿಸಿದರೆ ಲೋಕ ಆಚೆ, ಇವರು ಒಳಗೆ. ತರಕಾರಿ ತರುತ್ತೇವೆ ಅಂತ ಹೊರಟು ಊರಾಚೆಯ ಕೆರೆ ರಸ್ತೆಯಲ್ಲಿ ಸುತ್ತು ಹೊಡೆಯುತ್ತಿದ್ದರು. ಆಕೆ ಆಸ್ಪತ್ರೆಯ ಕಥೆ ಹೇಳುತ್ತಿದ್ದರು, ಅಳುವುದಿದ್ದರೆ ಅಳುತ್ತಿದ್ದರು, ಜಗಳ ಆಡುವುದಿದ್ದರೂ ಅಲ್ಲೇ. ಮೇಷ್ಟ್ರು ಓಡಿಸುತ್ತಾ ಕೇಳುತ್ತಿದ್ದರು. ಒಮ್ಮೆ ಆಕೆಯೇ ನನ್ನ ಹತ್ತಿರ ನಗುತ್ತಾ ಅಂದಿದ್ದರು: ‘ನಮ್ಮನೇಲಿ ಎರಡು ಕೋಣೆ ಅಂತಾರೆ, ಸುಳ್ಳು ಕಣ್ರೀ. ಮೂರನೇದು ಬೀದೀಲಿ ನಿಂತಿರುತ್ತೆ.’

ಉಳಿದ ದಿನಗಳಲ್ಲಿ ಆ ಗಾಡಿ ಶಾಲೆಯ ಎದುರಿನ ಮರದ ನೆರಳಲ್ಲಿ ನಿಲ್ಲುತ್ತಿತ್ತು. ಪಾಠ ಇಲ್ಲದ ಹೊತ್ತಿನಲ್ಲಿ ಮೇಷ್ಟ್ರು ಹೋಗಿ ಸುಮ್ಮನೆ ಅದರಲ್ಲಿ ಕೂರುತ್ತಿದ್ದರು. ಹಾಡಿಲ್ಲ, ಫೋನಿಲ್ಲ. ಪಕ್ಕದ ಸೀಟಿನ ಮೇಲೆ ಕೈ ಇಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದರು. ಕ್ಷೌರದಂಗಡಿಯವನು ತಮಾಷೆ ಮಾಡುತ್ತಿದ್ದ, ‘ಮೇಷ್ಟ್ರು ಗಾಡಿಗೆ ಕಾವು ಕೊಡ್ತಿದ್ದಾರೆ, ಮರಿ ಆಗುತ್ತೆ’ ಅಂತ. ನಾನೂ ನಗುತ್ತಿದ್ದೆ. ಆದರೆ ಆ ಹೊತ್ತಿನಲ್ಲಿ ಯಾರು ಬಂದರೂ ಮೇಷ್ಟ್ರನ್ನು ಕರೆಯುತ್ತಿರಲಿಲ್ಲ.

ಈ ಸಲದ ರಜೆ ಬರುವುದೇ ಅನುಮಾನವಾಗಿತ್ತು. ಆಸ್ಪತ್ರೆಯಲ್ಲಿ ಜನ ಕಡಿಮೆ, ರಜೆ ಮುಂದೆ ಹಾಕಿದರು, ಮತ್ತೆ ಮುಂದೆ ಹಾಕಿದರು. ಮೇಷ್ಟ್ರು ‘ಕ್ಲಚ್’ ಅನ್ನುವುದನ್ನೂ ಕಡಿಮೆ ಮಾಡಿದರು. ಕಲಿಯುವವರು ಇಂಜಿನ್ ಆಫ್ ಮಾಡಿಕೊಂಡು ನಡುರಸ್ತೆಯಲ್ಲಿ ನಿಂತರೂ ಇವರು ಎಲ್ಲೋ ನೋಡುತ್ತಿದ್ದರು. ಬೇಜಾರಾಗಿದೆಯಾ ಅಂತ ಕೇಳಿದರೆ ‘ಬಿಸಿಲು’ ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವರು ಮನೆಯಿಂದ ಶಾಲೆಗೆ ಬರುವಾಗ ಹೆಂಡತಿಯ ಧ್ವನಿ ಸಂದೇಶ ಬಂತು. ಗಾಡಿ ಓಡಿಸುವಾಗ ಫೋನ್ ಮುಟ್ಟಿದವನಿಗೆ ಪಾಠವೇ ಹೇಳಿಕೊಡುವುದಿಲ್ಲ ಅನ್ನುವ ಮನುಷ್ಯ ಆವತ್ತು ಫೋನ್ ಮುಟ್ಟಿದರು. ‘ರೀ, ರಜೆ ಸಿಕ್ಕಿತು. ಬರ್ತಾ ಇದ್ದೀನಿ’ ಅಂತ ಆಕೆ ಹೇಳಿದ್ದು ಕೇಳಿತು. ಇನ್ನೊಮ್ಮೆ ಕೇಳೋಣ ಅಂತ ಇವರು ಫೋನಿನ ಕಡೆ ಬಗ್ಗಿದರು. ಅಷ್ಟರಲ್ಲಿ ಪಾದಚಾರಿಗಳ ಬಿಳಿ ಪಟ್ಟೆಯ ಹತ್ತಿರ ಮುಂದಿನ ಕಾರು ನಿಂತಿತ್ತು. ಇವರು ನಿಲ್ಲಲಿಲ್ಲ.

ಸದ್ದು ನನ್ನ ಕೌಂಟರಿಗೇ ಕೇಳಿಸಿತು. ಓಡಿಹೋಗಿ ನೋಡಿದರೆ ಬೂದು ಗಾಡಿಯ ಮೂತಿ ಅರ್ಧ ಒಳಗೆ ಹೋಗಿ ರೇಡಿಯೇಟರಿನಿಂದ ಹಬೆ ಏಳುತ್ತಿತ್ತು. ಮೇಷ್ಟ್ರ ಹಣೆಯಲ್ಲಿ ಒಂದು ಬುಗುಟು, ಅಷ್ಟೇ. ಮುಂದಿನ ಕಾರಿನ ಹಿಂಭಾಗ ನುಜ್ಜುಗುಜ್ಜು. ಅದರಿಂದ ಇಳಿದವರು ಯಾರು ಅಂತೀರಿ? ಬೇಕರಿ ಮೇಡಂ.

ಬೇಕರಿ ಮೇಡಂ ನಮ್ಮ ಶಾಲೆಯ ಇತಿಹಾಸದಲ್ಲೇ ಅತಿ ನಿಧಾನದ ವಿದ್ಯಾರ್ಥಿನಿ. ಬೇಕರಿ ನಡೆಸುವ ಜಾಣೆ, ಹಿಟ್ಟು ನಾದುವ ಕೈ, ಆದರೆ ಸ್ಟೀರಿಂಗ್ ಹಿಡಿದರೆ ನಡುಕ. ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲಾಗಿ, ಶಾಲೆಯ ಯಜಮಾನರು ‘ದುಡ್ಡು ವಾಪಸ್ ಕೊಟ್ಟು ಕಳಿಸಿಬಿಡಿ’ ಅಂದರೂ, ಮೇಷ್ಟ್ರು ಬಿಡದೆ ಕಲಿಸಿದ್ದರು. ಆವತ್ತು ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಪಟ್ಟೆಯ ಮೇಲೆ ಕಾಲಿಟ್ಟಿದ್ದಳು. ಬೇಕರಿ ಮೇಡಂ ಮೇಷ್ಟ್ರು ಹೇಳಿಕೊಟ್ಟ ಹಾಗೇ ಕನ್ನಡಿ ನೋಡಿ, ಮೆತ್ತಗೆ ಬ್ರೇಕ್ ಒತ್ತಿ, ಪಟ್ಟೆಗೆ ಮುಂಚೆ ನಿಂತಿದ್ದರು. ಗುದ್ದಿದ ರಭಸಕ್ಕೆ ಗಾಡಿ ಒಂದು ಮಾರು ಮುಂದೆ ಸರಿದರೂ ಬ್ರೇಕಿನಿಂದ ಕಾಲು ತೆಗೆದಿರಲಿಲ್ಲ. ತಾಯಿ ಮಗು ಉಳಿದದ್ದು ಆ ಕಾಲಿನಿಂದ.

ಹಿಂದಿನ ಸೀಟಿನಲ್ಲಿ ಮೇಡಂ ಅವರ ಅತ್ತೆ ಕೂತಿದ್ದರು. ಮಣಿಕಟ್ಟು ಊದಿಕೊಂಡಿತ್ತು. ನೋವಿನಲ್ಲೂ ಬಾಯಿ ಬಿಗಿಯಾಗಿರಲಿಲ್ಲ. ‘ಇವನೇ ಏನೇ ನಿನಗೆ ಬ್ರೇಕ್ ಕಲಿಸಿದವನು? ಎಲ್ಲ ನಿನಗೇ ಕಲಿಸಿಬಿಟ್ಟು ತನಗೆ ಒಂಚೂರೂ ಇಟ್ಟುಕೊಳ್ಳಲಿಲ್ಲವಾ?’

ಮೇಷ್ಟ್ರು ರಸ್ತೆಯಲ್ಲೇ ಆ ಅಜ್ಜಿಗೆ ಕೈಮುಗಿದು ನಿಂತರು. ಅವರ ಕಣ್ಣು ಮಾತ್ರ ಗಾಡಿಯ ಹಬೆಯ ಮೇಲಿತ್ತು.

ಆಸ್ಪತ್ರೆ, ಪೊಲೀಸ್ ಸ್ಟೇಷನ್ನು ಎಲ್ಲ ಮುಗಿಯಿತು. ಅಜ್ಜಿಯ ಮಣಿಕಟ್ಟಿನ ಮೂಳೆ ಸೀಳಿತ್ತು, ಪ್ಲಾಸ್ಟರ್ ಹಾಕಿದರು. ಏಟಾದವರಿದ್ದಾರೆ ಅಂದಮೇಲೆ ಪೊಲೀಸರಿಗೂ ಕಂಪನಿಗೂ ತಡಮಾಡದೆ ತಿಳಿಸಲೇಬೇಕು. ಮೇಷ್ಟ್ರ ಕಂಪನಿಗೆ ನಾನೇ ಫೋನ್ ಮಾಡಿದೆ. ಬೂದು ಗಾಡಿಯನ್ನು ಎಳೆಸಿಕೊಂಡು ಹೋಗಿ ಗ್ಯಾರೇಜಣ್ಣನ ಅಂಗಳದಲ್ಲಿ ನಿಲ್ಲಿಸಿದ್ದಾಯಿತು. ಅವನು ಬಾನೆಟ್ ಎಬ್ಬಿಸಿ, ಮೊಣಕಾಲೂರಿ ಅಡಿಗೆ ಟಾರ್ಚ್ ಬಿಟ್ಟು ನೋಡಿ ತಲೆಯಾಡಿಸಿದ.

‘ಅಡಿಯ ಚಾಸಿ ಚೌಕಟ್ಟೇ ಬಾಗಿದೆ ಮೇಷ್ಟ್ರೇ. ಇದನ್ನ ನೆಟ್ಟಗೆ ಮಾಡೋ ಖರ್ಚಲ್ಲಿ ಇಂಥದ್ದೇ ಇನ್ನೊಂದು ಗಾಡಿ ಬರುತ್ತೆ. ಇನ್ಶೂರೆನ್ಸ್ ಯಾವುದು?’

ಮೇಷ್ಟ್ರು ನನ್ನ ಮುಖ ನೋಡಿದರು. ಹೇಳಬಹುದಿತ್ತು ನಾನು, ‘ಹೇಳಿರಲಿಲ್ವಾ’ ಅಂತ. ಆ ಮಾತಿಗಾಗಿ ವರ್ಷಗಟ್ಟಲೆ ಕಾದಿದ್ದೆ.

‘ಥರ್ಡ್ ಪಾರ್ಟಿ ಮಾತ್ರ’ ಅಂದೆ.

ಗ್ಯಾರೇಜಣ್ಣ ಕೈ ಒರೆಸಿಕೊಂಡು ದನಿ ತಗ್ಗಿಸಿದ. ‘ಅದಕ್ಕೇನಂತೆ? ಇವತ್ತೇ ಒಂದು ಫುಲ್ ಇನ್ಶೂರೆನ್ಸ್ ಮಾಡಿಸಿಬಿಡಿ. ಹದಿನೈದು ದಿನ ಬಿಟ್ಟು ಆಕ್ಸಿಡೆಂಟ್ ಆಯ್ತು ಅಂತ ತೋರಿಸೋಣ.’

ನನಗೆ ಮೈಯೆಲ್ಲ ಉರಿಯಿತು. ‘ಅಣ್ಣಾ, ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕೆ ಹೊರಟ್ಯಾ? ಥರ್ಡ್ ಪಾರ್ಟಿ ಇದ್ದ ಗಾಡಿಗೆ ಫುಲ್ ಕೇಳಿದ್ರೆ ಕಂಪನಿಯವರು ಮೊದಲು ಗಾಡಿ ನೋಡ್ತಾರೆ, ಸುತ್ತ ಫೋಟೊ ತೆಗೀತಾರೆ. ಅವರೇನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬರ್ತಾರಾ? ಮೇಲಾಗಿ ಸ್ಟೇಷನ್ನಲ್ಲಿ ಇವತ್ತಿನ ತಾರೀಖು ಬಿದ್ದಾಗಿದೆ. ಇದು ಮೋಸ. ಸಿಕ್ಕಿಬಿದ್ರೆ ನಿನ್ನ ಗ್ಯಾರೇಜು, ನನ್ನ ಏಜೆನ್ಸಿ, ಮೇಷ್ಟ್ರ ಮಾನ, ಮೂರೂ ಒಟ್ಟಿಗೆ ಹೋಗುತ್ತೆ.’

‘ನಾನು ಒಳ್ಳೇದಕ್ಕೆ ಹೇಳಿದೆ’ ಅಂದ ಅವನು, ಮುಖ ಸಣ್ಣದು ಮಾಡಿಕೊಂಡು.

ವಾಪಸ್ ಬರುವಾಗ ಮೇಷ್ಟ್ರು ಕೇಳಿದರು: ‘ಫುಲ್ ಇದ್ದಿದ್ರೆ ಗಾಡಿ ಸರಿ ಮಾಡಿಸಿ ಕೊಡ್ತಿದ್ರಾ?’

ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ‘ಇದನ್ನೇ ಕೊಡ್ತಿರಲಿಲ್ಲ ಮೇಷ್ಟ್ರೇ. ರಿಪೇರಿ ಖರ್ಚು ಗಾಡಿಗೆ ಬರೆದ ಬೆಲೆಗೆ ಇಷ್ಟು ಹತ್ತಿರ ಬಂದ್ರೆ ಕಂಪನಿ ಸರ್ವೇಯರು ಪೂರ್ತಿ ನಷ್ಟ ಅಂತ ಬರೀತಾನೆ. ಪಾಲಿಸೀಲಿ ಬರೆದ ಬೆಲೆಯಿಂದ ನಮ್ಮ ಪಾಲಿನ ಚೂರು ಹಿಡಿದುಕೊಂಡು ಉಳಿದದ್ದು ಕೊಡ್ತಾರೆ. ಜಜ್ಜಿದ ಗಾಡಿ ಅವರ ಲೆಕ್ಕಕ್ಕೆ ಹೋಗುತ್ತೆ. ಆ ದುಡ್ಡಲ್ಲಿ ಇನ್ನೊಂದು ಹಳೇ ಗಾಡಿ ಬರ್ತಿತ್ತು.’

‘ಅವಳು ಬರೋದರೊಳಗೆ?’

‘ಬರ್ತಿತ್ತೇನೋ.’

ಶಾಲೆಯ ಕಾರಿಗೆ ಫುಲ್ ಇನ್ಶೂರೆನ್ಸ್ ಉಂಟು, ಆದರೆ ಅದು ಕಲಿಸುವುದಕ್ಕೆ ಮಾತ್ರ; ಯಜಮಾನರು ಭಾನುವಾರದ ಸವಾರಿಗೆ ಕೊಡುವವರಲ್ಲ. ತಲೆಯ ಮೇಲೆ ಕಲಿಕೆಯ ಬೋರ್ಡು ಹೊತ್ತ ಗಾಡಿಯಲ್ಲಿ ಯಾವ ಹೆಂಡತಿ ಮನಸ್ಸು ಬಿಚ್ಚಿಯಾಳು, ಅದೂ ಬೇರೆ. ಇನ್ನೊಂದು ಗಾಡಿ ಕೊಳ್ಳುವ ಶಕ್ತಿ ಅವರ ಸಂಬಳಕ್ಕಿರಲಿಲ್ಲ. ಹೆಂಡತಿ ಬರುವ ದಿನ ಹತ್ತಿರವಾಗುತ್ತಿತ್ತು. ಹೆಂಡತಿ ಬರುತ್ತಾಳೆ, ಆದರೆ ಬಂದು ಕೂರುವುದಕ್ಕೆ ಜಾಗವಿಲ್ಲ. ಅಷ್ಟು ವರ್ಷ ಕಾದ ಮನುಷ್ಯ ಈಗ ಅವಳು ಬರುವ ದಿನಕ್ಕೆ ಹೆದರತೊಡಗಿದ್ದರು.

ಆಗ ಬಂದದ್ದು ಬೇಕರಿ ಮೇಡಂ, ಒಂದು ಡಬ್ಬ ಬಿಸ್ಕತ್ತು ಹಿಡಿದುಕೊಂಡು. ಕೌಂಟರಿನ ಈಚೆಗೇ ಬಂದು ಕುರ್ಚಿ ಎಳೆದುಕೊಂಡರು. ಮೇಷ್ಟ್ರ ಸಂಸಾರದ ಕಥೆ ಅವರಿಗೂ ಗೊತ್ತಿತ್ತು.

‘ಸಾರ್, ನಾನೊಂದು ಯೋಚನೆ ಮಾಡಿದೀನಿ. ನಂದು ಫುಲ್ ಇನ್ಶೂರೆನ್ಸ್. ನಿಂತ ಗಾಡಿನ ನಾನೇ ಗಾಬರಿಯಲ್ಲಿ ಹಿಂದಕ್ಕೆ ತಗೊಂಡೆ, ನಿಮ್ಮ ಗಾಡಿಗೆ ಗುದ್ದಿದೆ ಅಂತ ಬರೆದುಕೊಡ್ತೀನಿ. ಆಗ ನನ್ನ ಗಾಡಿ ರಿಪೇರಿ ನನ್ನ ಪಾಲಿಸಿಯ ಒಂದು ಭಾಗದಿಂದ ಆಗುತ್ತೆ, ನಿಮ್ಮ ಗಾಡಿದು ಅದರಲ್ಲೇ ಇರೋ ಥರ್ಡ್ ಪಾರ್ಟಿ ಭಾಗದಿಂದ. ನೀವು ನನಗೆ ಮೂರನೆಯವರು ಆಗ್ತೀರಿ. ನೀವೇ ಹೇಳಿಕೊಟ್ಟ ಪಾಠ ಅಲ್ವಾ? ನಾನು ಎಷ್ಟು ಸಲ ಫೇಲಾದವಳು, ನಾನೇ ತಪ್ಪು ಮಾಡಿದೆ ಅಂದ್ರೆ ಯಾರೂ ಅನುಮಾನ ಪಡಲ್ಲ.’

ನಾನು ಬಾಯಿ ತೆರೆದೆ. ಹಿಂದಕ್ಕೆ ಸರಿದ ಗಾಡಿಯಿಂದ ಚಾಸಿ ಬಾಗುವುದಿಲ್ಲ, ನೋಡಿದವನಿಗೆ ಗೊತ್ತಾಗುತ್ತದೆ ಅಂತ ಹೇಳುವವಳಿದ್ದೆ. ಅಷ್ಟರಲ್ಲಿ ಮೇಷ್ಟ್ರ ಮುಖ ಕಣ್ಣಿಗೆ ಬಿತ್ತು. ಆ ಮುಖದಲ್ಲಿ ಆಸೆ ಇತ್ತು. ಕದ್ದು ಮುಚ್ಚುವ ಮನುಷ್ಯನಲ್ಲ ಅವರು, ಆಸೆ ಹಾಗೇ ಕಾಣುತ್ತಿತ್ತು. ಕಣ್ಣೆದುರೇ ಆ ಬೂದು ಗಾಡಿ ಮತ್ತೆ ಮರದ ನೆರಳಿಗೆ ಬಂದು ನಿಂತ ಹಾಗಿತ್ತು. ನನಗೂ ಒಂದು ಗಳಿಗೆ ಹೂಂ ಅನ್ನಲಿ ಅನ್ನಿಸಿತು, ಸುಳ್ಳೇಕೆ ಹೇಳಲಿ.

‘ಅತ್ತೆಯವರ ಕೈ?’ ಅಂದರು ಮೇಷ್ಟ್ರು ಕೊನೆಗೆ.

‘ಅದಕ್ಕೇನು?’

‘ತಪ್ಪು ನಂದಾದ್ರೆ ಅವರು ನನ್ನ ಗಾಡಿಗೆ ಮೂರನೆಯವರು. ಅವರ ಆಸ್ಪತ್ರೆ ಖರ್ಚು, ಪರಿಹಾರ ನನ್ನ ಕಂಪನಿ ಕೊಡುತ್ತೆ. ತಪ್ಪು ನಿಂದು ಅಂತ ಬರೆದ್ರೆ ಅವರು ನಿನ್ನ ಮೇಲೇ ಕೇಳಬೇಕಾಗುತ್ತೆ.’

‘ಅತ್ತೆಗೆ ಅದಕ್ಕಿಂತ ಖುಷಿ ಬೇಕಾ ಸಾರ್? ಸೊಸೆ ಮೇಲೆ ಕೇಸು ಅಂದ್ರೆ ಮುರಿದ ಕೈಯಲ್ಲೇ ಸಹಿ ಹಾಕ್ತಾರೆ.’

ಮೂವರೂ ನಕ್ಕೆವು. ನಗು ನಿಂತ ಮೇಲೆ ಮೇಷ್ಟ್ರು ಬಿಸ್ಕತ್ತಿನ ಡಬ್ಬವನ್ನು ಆಚೆಗೆ ಸರಿಸಿದರು.

‘ನೀನು ಆವತ್ತು ಹಾಕಿದ ಬ್ರೇಕ್ ಇದೆಯಲ್ಲ ತಾಯಿ, ಅಂಥ ಬ್ರೇಕ್ ನನ್ನ ಶಾಲೇಲಿ ಕಲಿತವರು ಯಾರೂ ಹಾಕಿದ್ದು ನಾನು ನೋಡಿಲ್ಲ. ಒಂದು ಮಗು ಉಳೀತು. ಅದನ್ನ ಹಾಕಲೇ ಇಲ್ಲ ಅಂತ ನೀನು ಬರೆದುಕೊಡಬೇಕಾ? ಅದೂ ನನ್ನ ಗಾಡಿಗಾಗಿ? ಬೇಡ.’

‘ಅಕ್ಕ ರಜೆಗೆ ಬರ್ತಾರಲ್ಲ ಸಾರ್.’

‘ಬರ್ತಾಳೆ’ ಅಂದರು.

ಮೇಷ್ಟ್ರ ಕಂಪನಿಯಿಂದ ವಿಚಾರಣೆಗೆ ಬಂದವನು ಕನ್ನಡಕದ ಯುವಕ. ಹೇಳಿಕೆ ಬರೆಸಿಕೊಳ್ಳುವಾಗ ಮೇಷ್ಟ್ರು ಫೋನಿನ ವಿಷಯವನ್ನೂ ಹೇಳಿಬಿಟ್ಟರು. ನಾನು ಮೇಜಿನಡಿ ಕಾಲು ತುಳಿದೆ, ಲಕ್ಷ್ಯಕ್ಕೇ ಬರಲಿಲ್ಲ. ‘ಸಂದೇಶ ಯಾರದ್ದು?’ ಅಂತ ಅವನು ಕೇಳಿದ. ‘ಅದು ಬೇಕಾ?’ ಅಂದರು ಮೇಷ್ಟ್ರು. ಅವನು ಬೇಡ ಅಂತ ತಲೆಯಾಡಿಸಿ, ಪೆನ್ನು ಮುಚ್ಚಿ ಹೇಳಿದ: ‘ನಿಮ್ಮ ಅಜಾಗರೂಕತೆ ಇದ್ರೂ ಏಟಾದವರಿಗೆ ಕಂಪನಿ ಕೊಟ್ಟೇ ಕೊಡುತ್ತೆ. ಥರ್ಡ್ ಪಾರ್ಟಿ ಇರೋದೇ ಅಂಥದ್ದಕ್ಕೆ. ಪೊಲೀಸ್ ದಂಡ ನಿಮ್ಮದು. ನಿಮ್ಮ ಗಾಡಿಗೆ ಮಾತ್ರ...’

‘ಗೊತ್ತು’ ಅಂದರು ಮೇಷ್ಟ್ರು. ‘ನಾನೇ ಪಾಠ ಮಾಡ್ತೀನಿ.’

ಬೇಕರಿ ಮೇಡಂ ಕಾಯುವುದಕ್ಕೆ ತಯಾರಿರಲಿಲ್ಲ, ಬೇಕರಿಗೆ ಸರಕು ಸಾಗಿಸಬೇಕು. ತಮ್ಮ ಫುಲ್ ಇನ್ಶೂರೆನ್ಸಿನಲ್ಲೇ ರಿಪೇರಿ ಮಾಡಿಸಿಕೊಂಡರು. ಸವೆದ ಪ್ಲಾಸ್ಟಿಕ್ ಭಾಗಗಳಿಗೆ ಒಂದಿಷ್ಟು ಕೈಯಿಂದ ಬಿತ್ತು. ರಿಪೇರಿ ಖರ್ಚನ್ನು ಮೇಷ್ಟ್ರ ಕಂಪನಿಯಿಂದ ಹೇಗೆ ವಸೂಲು ಮಾಡಿಕೊಳ್ಳುವುದು ಅನ್ನುವುದು ಎರಡು ಕಂಪನಿಗಳ ತಲೆನೋವು. ಅಜ್ಜಿಯ ಪರಿಹಾರದ ಅರ್ಜಿ ನಿಧಾನಕ್ಕೆ ನಡೆಯಿತು, ಕೊನೆಗೆ ಬಂತು. ಅಜ್ಜಿ ಶಾಲೆಗೇ ಬಂದು, ‘ನಿನ್ನ ಗಾಡಿಗೆ ಏನೂ ಬರಲಿಲ್ಲವಂತೆ, ನನ್ನ ಕೈಗೆ ಬಂತಂತೆ. ಇದ್ಯಾವ ನ್ಯಾಯವೋ’ ಅಂತ ಕೇಳಿದರು. ‘ಇದೇ ನ್ಯಾಯ ಅಜ್ಜಿ’ ಅಂದರು ಮೇಷ್ಟ್ರು.

ಆದರೆ ಅದೆಲ್ಲ ಆಮೇಲಿನದು. ಹೆಂಡತಿ ಬರುವುದಕ್ಕೆ ಮೊದಲೇ ಬೂದು ಗಾಡಿ ಗ್ಯಾರೇಜಣ್ಣನಿಗೆ ಬಿಡಿಭಾಗದ ಲೆಕ್ಕದಲ್ಲಿ ಹೋಯಿತು. ಆವತ್ತು ಮೇಷ್ಟ್ರು ಹೋಗಿ ಪಕ್ಕದ ಬಾಗಿಲು ತೆಗೆದು ಸೀಟಿನ ಮೇಲಿದ್ದ ಗಾಜಿನ ಪುಡಿಯನ್ನು ಕರವಸ್ತ್ರದಿಂದ ಒರೆಸಿದರಂತೆ. ಮಾರಿದ ಗಾಡಿಯನ್ನು ಯಾರಾದರೂ ಒರೆಸುತ್ತಾರೆಯೇ? ಗ್ಯಾರೇಜಣ್ಣ ಇದನ್ನು ಹೇಳುವಾಗ ನಗಲಿಲ್ಲ.

ಹೆಂಡತಿಗೆ ಮೇಷ್ಟ್ರು ಫೋನಿನಲ್ಲೇ ಹೇಳಿದರು, ನನ್ನ ಕೌಂಟರಿನ ಪಕ್ಕ ನಿಂತು. ಮನೆಯಲ್ಲಿ ಮಾತಾಡುವ ಹಾಗಿಲ್ಲವಲ್ಲ. ‘ಗಾಡಿ ಹೋಯ್ತು’ ಅಂದರು. ಆಕೆ ‘ನಿಮಗೇನಾಯ್ತು?’ ಅಂತ ಕೇಳಿದ್ದು ನನಗೂ ಕೇಳಿಸಿತು. ‘ನನಗೇನಿಲ್ಲ, ಗಾಡಿ...’ ಅಂದರು ಇವರು. ಮತ್ತೆ ಆಕೆ ಅದೇ ಕೇಳಿದರು, ಮತ್ತೆ ಇವರು ಅದೇ ಹೇಳಿದರು. ಇಬ್ಬರೂ ಒಬ್ಬರಿಗೊಬ್ಬರು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಆಕೆ ಬಂದ ದಿನ ಮೇಷ್ಟ್ರು ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲಿ ಹೋದರು. ಮುಂದಿನದನ್ನು ನಾನು ನೋಡಿಲ್ಲ. ವಾರ ಕಳೆದ ಮೇಲೆ ಆಕೆ ಶಾಲೆಗೆ ಬಂದು, ಮೇಷ್ಟ್ರು ಪಾಠಕ್ಕೆ ಹೋಗಿದ್ದ ಹೊತ್ತಿನಲ್ಲಿ, ಬೆಂಚಿನ ಮೇಲೆ ಕೂತು ಹೇಳಿದ್ದು.

ಬಸ್ಸು ಕಿಕ್ಕಿರಿದಿತ್ತಂತೆ. ಪುಣ್ಯಕ್ಕೆ ಕೊನೆಯ ಸಾಲಿನಲ್ಲಿ ಎರಡು ಸೀಟು ಸಿಕ್ಕಿತಂತೆ. ಮೇಷ್ಟ್ರು ಮೊದಲು ಕ್ಷಮೆ ಕೇಳುತ್ತಲೇ ಇದ್ದರಂತೆ: ಗಾಡಿ ಇಲ್ಲ, ಫುಲ್ ಮಾಡಿಸಬೇಕಿತ್ತು, ಈಗ ಎಲ್ಲಿ ಕೂರೋದು, ಎಲ್ಲಿ ಮಾತಾಡೋದು. ಇಂಜಿನ್ನಿನ ಸದ್ದಿಗೆ ಪಕ್ಕದವರಿಗೂ ಏನೂ ಕೇಳಿಸುತ್ತಿರಲಿಲ್ಲ, ಇವರಿಗೇ ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಮುಖಕ್ಕೆ ಮುಖ ತರಬೇಕಾಗಿತ್ತು. ಸ್ವಲ್ಪ ಹೊತ್ತಿಗೆ ಮೇಷ್ಟ್ರ ಮಾತು ನಿಂತಿತಂತೆ. ಸುಮ್ಮನೆ ಆಕೆಯನ್ನೇ ನೋಡತೊಡಗಿದರಂತೆ. ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ಅವರು ಹಾಗೆ ನೋಡಿದ್ದು ಆಕೆಗೆ ನೆನಪೇ ಇರಲಿಲ್ಲವಂತೆ. ಕೆನ್ನೆಯ ಪಕ್ಕದ ಬಿಳಿ ಕೂದಲು, ಕಣ್ಣಡಿಯ ಕಪ್ಪು, ಮೂಗಿನ ಮೇಲೆ ಮಾಸ್ಕು ಕೊರೆದ ಗುರುತು.

‘ನಿನಗೆ ಇಷ್ಟು ವಯಸ್ಸಾಗಿದ್ದು ಯಾವಾಗ?’ ಅಂತ ಕೇಳಿದರಂತೆ.

‘ನೀವು ರಸ್ತೆ ನೋಡ್ತಿದ್ರಲ್ಲ, ಆವಾಗ’ ಅಂದರಂತೆ ಆಕೆ.

ಊರು ಬರುವ ತನಕ ಮೇಷ್ಟ್ರು ಆಕೆಯ ಕೈ ಬಿಡಲಿಲ್ಲವಂತೆ. ಇಳಿಯುವ ನಿಲ್ದಾಣ ಬಂತು, ಜನ ಇಳಿದರು. ಇವರು ಏಳಲಿಲ್ಲ. ಕಂಡಕ್ಟರು ಕೂಗಿದಾಗ ಮುಂದಿನ ಊರಿಗೆ ಎರಡು ಟಿಕೆಟ್ ತಗೊಂಡು, ಇಷ್ಟು ವರ್ಷದಲ್ಲಿ ಆ ಬೂದು ಗಾಡಿಯಲ್ಲಿ ಒಮ್ಮೆಯೂ ಹೇಳದ ಮಾತನ್ನು ಹೇಳಿದರಂತೆ: ‘ಈ ಸಲ ಹೋಗಬೇಡ.’